ಹದಿನೆಂಟು ಅಡಿ ಅಲ್ಲ, ಹದಿನಾರು: ಮಾಡ್ಯುಲರ್ ಕಿಚನ್‌ಗೆ ಟೇಪು ಹಿಡಿಯುವ ಮುಂಚೆ

ಹಾಸನದ ವಿದ್ಯಾನಗರದಲ್ಲಿ ನನ್ನ ತಮ್ಮನ ಮಗ ಮನೆ ಕಟ್ಟಿಸಿದ. ಅಡುಗೆಮನೆಗೆ ಮಾಡ್ಯುಲರ್ ಕಿಚನ್ ಮಾಡಿಸಬೇಕು ಅಂತ ಅವನ ಹೆಂಡತಿಯ ಆಸೆ. ಒಂದು ದಿನ ಕೊಟೇಶನ್ ಚೀಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಅತ್ತೆ, ಬರೀ ಒಂದು ಲಕ್ಷದ ಹದಿನೆಂಟು ಸಾವಿರದ ಎಂಟುನೂರಕ್ಕೆ ಆಗುತ್ತಂತೆ, ಅಡ್ವಾನ್ಸ್ ಕೊಟ್ಟುಬಿಡಲಾ?" ಅಂದಳು. ಚೀಟಿಯಲ್ಲಿ ಇದ್ದಿದ್ದು ಎರಡೇ ಸಾಲು. ಕೆಳಗಿನ ಕ್ಯಾಬಿನೆಟ್ 18 ರನ್ನಿಂಗ್ ಫೀಟ್, ಅಂದರೆ ಗೋಡೆಯ ಉದ್ದಕ್ಕೆ ಅಳೆದ ಅಡಿ, ಅಡಿಗೆ 4,000. ಮೇಲಿನ ಕ್ಯಾಬಿನೆಟ್ 18 ರನ್ನಿಂಗ್ ಫೀಟ್, ಅಡಿಗೆ 2,600. ಮೊದಲು ಕಾಫಿ ಕುಡಿ, ಆಮೇಲೆ ಟೇಪು ತಗೊಂಡು ನಿನ್ನ ಮನೆಗೇ ಹೋಗೋಣ ಅಂದೆ.

ಅವಳ ಅಡುಗೆಮನೆ ಎಲ್ ಆಕಾರದ್ದು. ಒಂದು ಗೋಡೆ 10 ಅಡಿ, ಅದಕ್ಕೆ ಕೂಡಿದ ಇನ್ನೊಂದು 8 ಅಡಿ. ಎರಡನ್ನೂ ಕೂಡಿಸಿ 18 ಅಂತ ಬರೆದಿದ್ದಾರೆ. ನೋಡಿದರೆ ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಆದರೆ ಕಟ್ಟೆಯ ಅಗಲ 2 ಅಡಿ. ಎರಡು ಗೋಡೆ ಸೇರುವ ಮೂಲೆಯಲ್ಲಿ ಎರಡಡಿಗೆ ಎರಡಡಿಯ ಒಂದು ಚೌಕ ಇದೆ. 10 ಅಡಿ ಅಳೆಯುವಾಗ ಅದು ಒಳಗೆ ಬಂತು. 8 ಅಡಿ ಅಳೆಯುವಾಗ ಮತ್ತೆ ಬಂತು. ಅಲ್ಲಿ ಕೂರುವ ಪೆಟ್ಟಿಗೆ ಒಂದೇ, ದುಡ್ಡು ಮಾತ್ರ ಎರಡು ಸಲ. ಹಾಗಾಗಿ ಹತ್ತಕ್ಕೆ ಎಂಟು ಕೂಡಿಸಿ ಎರಡು ಕಳೆಯಬೇಕು. ಕೆಳಗಿನದು 16 ಅಡಿ.

ಮೂಲೆ ಕ್ಯಾಬಿನೆಟ್ ಕೆಲಸ ಕಷ್ಟ, ಅದಕ್ಕೇ ಹಾಗೆ ಅಳೆಯುತ್ತೇವೆ ಅಂತ ಕೆಲವರು ಹೇಳುತ್ತಾರೆ. ಕಷ್ಟ ಇರಬಹುದು, ಇಲ್ಲ ಅನ್ನಲ್ಲ. ಹಾಗಿದ್ದರೆ ಮೂಲೆಗೆ ಇಷ್ಟು ಜಾಸ್ತಿ ಅಂತ ಬೇರೆ ಸಾಲಿನಲ್ಲಿ ಬರೆಯಲಿ. ಅಳತೆಯ ಒಳಗೆ ಅದನ್ನು ಅಡಗಿಸುವುದು ಬೇಡ.

ಮೇಲಿನ ಕ್ಯಾಬಿನೆಟ್‌ನ ಲೆಕ್ಕ ಇನ್ನೂ ತಮಾಷೆಯಾಗಿತ್ತು. 10 ಅಡಿ ಗೋಡೆಯಲ್ಲಿ ಸಿಂಕಿನ ಮೇಲೆ 4 ಅಡಿಯ ಕಿಟಕಿ ಇದೆ. ಕಿಟಕಿಯ ಮೇಲೆ ಯಾರೂ ಕ್ಯಾಬಿನೆಟ್ ಹೊಡೆಯುವುದಿಲ್ಲ. ಉಳಿದಿದ್ದು 6. ಇನ್ನೊಂದು ಗೋಡೆಯಲ್ಲಿ ಒಲೆ, ಅದರ ಮೇಲೆ 90 ಸೆಂಟಿಮೀಟರಿನ ಚಿಮಣಿ, ಅಂದರೆ 3 ಅಡಿ ಹೋಯಿತು. ಉಳಿದಿದ್ದು 5. ಮೇಲಿನ ಪೆಟ್ಟಿಗೆಯ ಆಳ ಒಂದೇ ಅಡಿ, ಆದ್ದರಿಂದ ಮೂಲೆಗೆ 1 ಅಡಿ ಕಳೆದರೆ ಸಾಕು. ಆರು, ಐದು, ಅದರಲ್ಲಿ ಒಂದು ಹೋದರೆ 10 ಅಡಿ. ಚೀಟಿಯಲ್ಲಿ 18 ಇತ್ತು!

ಈಗ ಅದೇ ರೇಟಿನಲ್ಲಿ ಲೆಕ್ಕ ಹಾಕಿ. ಕೆಳಗಡೆ 16 ಅಡಿಗೆ 64,000. ಮೇಲೆ 10 ಅಡಿಗೆ 26,000. ಒಟ್ಟು 90,000. ಯಾರ ಹತ್ತಿರವೂ ಒಂದು ರೂಪಾಯಿ ಚೌಕಾಸಿ ಮಾಡದೆ 28,800 ಕಡಿಮೆ ಆಯಿತು.

ಇನ್ನೊಂದು ಅಂಗಡಿಯವರು ಚದರ ಅಡಿಗೆ 1,550 ಅಂದಿದ್ದರು. ಅವಳಿಗೆ ಇದೇ ಅಗ್ಗ ಅನಿಸಿತ್ತು, ನಾಲ್ಕು ಸಾವಿರ ಎಲ್ಲಿ, ಸಾವಿರದ ಐನೂರು ಚಿಲ್ಲರೆ ಎಲ್ಲಿ ಅಂತ. ಚದರ ಅಡಿ ಅಂದರೆ ಎದುರಿಗೆ ನಿಂತು ನೋಡಿದಾಗ ಕಾಣುವ ಮುಖದ ಅಳತೆ. ಕೆಳಗಿನದರ ಎತ್ತರ ಎರಡೂಮುಕ್ಕಾಲು ಅಡಿ, ಅದನ್ನು 16ರಿಂದ ಗುಣಿಸಿದರೆ 44 ಚದರ ಅಡಿ. ಮೇಲಿನದರ ಎತ್ತರ 2 ಅಡಿ, ಅದು 20 ಚದರ ಅಡಿ. ಒಟ್ಟು 64ಕ್ಕೆ 99,200 ಆಗುತ್ತದೆ. ಅಗ್ಗ ಅಂದುಕೊಂಡಿದ್ದೇ ದುಬಾರಿ. ಎರಡು ಅಂಗಡಿಯ ರೇಟು ಹೋಲಿಸುವ ಮುಂಚೆ ಎರಡನ್ನೂ ಹೀಗೆ ಒಂದೇ ಅಳತೆಗೆ ತನ್ನಿ.

ರೇಟು ಯಾವ ಮರಕ್ಕೆ ಅನ್ನುವುದನ್ನೂ ಬರೆಸಿಕೊಳ್ಳಬೇಕು. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತಿದ್ದು. ನಾವು ಸಕಲೇಶಪುರದಲ್ಲಿದ್ದಾಗ ಒಬ್ಬರು ಹೊರಗೆ ಚೆಂದದ ಹಾಳೆ ಅಂಟಿಸಿ, ಒಳಗೆ ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಹಾಕಿಕೊಟ್ಟಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಂಕಿನ ಕೆಳಗಿನ ಹಲಗೆ ನೆನೆದ ರಸ್ಕಿನ ಹಾಗೆ ಉಬ್ಬಿತು. ಹಿಂಜಿನ ಸ್ಕ್ರೂ ಕೈಯಲ್ಲೇ ಕಿತ್ತು ಬಂತು. ನಮ್ಮ ಕಡೆಯ ಥಂಡಿಗೆ ಕೆಳಗಿನ ಪೆಟ್ಟಿಗೆಯಾದರೂ ಬಿಡಬ್ಲ್ಯುಪಿ, ಅಂದರೆ ಕುದಿಯುವ ನೀರಿಗೂ ಜಗ್ಗದ ಪ್ಲೈವುಡ್ ಆಗಿರಲಿ. ಪ್ಲೈ ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆ 710 ಅನ್ನುವ ನಂಬರ್ ಇರುತ್ತದೆ. ಐಎಸ್ 303 ಅಂತ ಇದ್ದರೆ ಅದು ಬೇರೆ ದರ್ಜೆ. ಮೇಲಿನ ಪೆಟ್ಟಿಗೆಗೆ ಅದಾದರೂ ನಡೆಯುತ್ತದೆ, ಅಲ್ಲಿ ನೀರು ಬೀಳುವುದಿಲ್ಲ. ಕತ್ತರಿಸಿ ಲ್ಯಾಮಿನೇಟ್ ಅಂಟಿಸಿದ ಮೇಲೆ ಯಾವ ಪ್ಲೈ ಅಂತ ಯಾರಿಗೂ ಗೊತ್ತಾಗಲ್ಲ. ಹಾಳೆ ಬಂದಿಳಿದ ದಿನವೇ ಹೋಗಿ ನೋಡಿ.

ಕಟ್ಟೆಯ ಕಲ್ಲು ಈ ಅಡಿ ಲೆಕ್ಕದಲ್ಲಿ ಸೇರಿರುವುದಿಲ್ಲ. 16 ಅಡಿ ಉದ್ದ, 2 ಅಡಿ ಅಗಲ, ಅಂದರೆ 32 ಚದರ ಅಡಿ. ಕತ್ತರಿಸುವಾಗ ಸ್ವಲ್ಪ ವೇಸ್ಟ್ ಆಗುತ್ತದೆ ಅಂತ 35 ಹಿಡಿದೆವು. ಕಪ್ಪು ಗ್ರಾನೈಟ್ 200 ರೂಪಾಯಿಯದ್ದು ಸಿಕ್ಕಿತು, ಕಲ್ಲಿಗೆ 7,000. ಕಲ್ಲಿನ ಅಂಗಡಿಯಲ್ಲಿ ಇಷ್ಟೇ ಹೇಳಿ ಕಳಿಸುತ್ತಾರೆ. ಆಮೇಲೆ ಅಂಚು ದುಂಡಗೆ ಮಾಡಿ ಪಾಲಿಶ್ ಕೊಡುವುದಕ್ಕೆ ಅಡಿಗಿಷ್ಟು ಅಂತ ಬೇರೆ ಬರುತ್ತದೆ. ಇಲ್ಲೂ ಮೂಲೆಯ ಲೆಕ್ಕ ನೆನಪಿರಲಿ. ನಾವು ನಿಲ್ಲುವ ಕಡೆಯ ಅಂಚು 8 ಅಡಿ ಮತ್ತು 6 ಅಡಿ ಮಾತ್ರ. ಫ್ರಿಜ್ ಪಕ್ಕ ಕಾಣುವ ಕೊನೆಯ 2 ಅಡಿ ಸೇರಿದರೆ 16. ಅಡಿಗೆ 120ರಂತೆ 1,920. ಸಿಂಕಿಗೂ ಒಲೆಗೂ ಕಲ್ಲು ಕೊರೆಯಲು 1,500, ಕೂರಿಸುವುದಕ್ಕೆ 1,600. ಏಳು ಸಾವಿರದ ಕಲ್ಲು ಕಟ್ಟೆಯಾಗುವಷ್ಟರಲ್ಲಿ 12,020 ಆಯಿತು.

ಅವಳಿಗೆ ಬಿಳಿ ಕ್ವಾರ್ಟ್ಜ್ ಮೇಲೆ ಕಣ್ಣಿತ್ತು. ನೋಡಲು ಚೆಂದವೇ. ಅದು 550 ರೂಪಾಯಿ, ಕಲ್ಲೊಂದಕ್ಕೇ 19,250. ದುಡ್ಡು ಇದ್ದರೂ ನಾನು ಬೇಡ ಅಂದೆ. ಕ್ವಾರ್ಟ್ಜ್ ಅಂದರೆ ಕಲ್ಲಿನ ಪುಡಿಯನ್ನು ರೆಸಿನ್ ಹಾಕಿ ಅಂಟಿಸಿದ ಹಲಗೆ. ಒಲೆಯಿಂದ ಇಳಿಸಿದ ಕುಕ್ಕರ್ ನೇರ ಇಟ್ಟರೆ ಕಲೆ ಬೀಳಬಹುದು, ಬಿರುಕೂ ಬಿಡಬಹುದು. ನಮ್ಮ ಮನೆಗಳಲ್ಲಿ ಬಿಸಿ ಪಾತ್ರೆಗೆ ಮಣೆ ಹುಡುಕುವ ತಾಳ್ಮೆ ಯಾರಿಗಿದೆ?

ಇನ್ನು ಹಾರ್ಡ್‌ವೇರ್. ಬಜೆಟ್ ಕೈ ಮೀರುವುದು ಇಲ್ಲೇ. ಅಡಿ ಲೆಕ್ಕದಲ್ಲಿ ಸಿಗುವುದು ಪೆಟ್ಟಿಗೆ, ಒಳಗಿನ ಹಲಗೆ, ಶಟರ್ ಅನ್ನುವ ಬಾಗಿಲು, ಹಿಡಿ, ಸಾದಾ ಹಿಂಜು. ಶೋರೂಮಿನಲ್ಲಿ ಎಳೆದು ಎಳೆದು ತೋರಿಸುವ ಡ್ರಾಯರ್ ಒಂದೊಂದಕ್ಕೂ ಬೇರೆ ಬೆಲೆ. ಹಾಗಾಗಿ ಡ್ರಾಯರ್ ಎಷ್ಟು ಅಂತ ಎಣಿಸದೆ ಅಂದಾಜು ಸಿಗುವುದಿಲ್ಲ. ನಾವು ಪಾತ್ರೆಗಳನ್ನು ನೆಲದ ಮೇಲೆ ಹರಡಿಕೊಂಡೇ ಎಣಿಸಿದೆವು. ಒಲೆಯ ಕೆಳಗೆ ಕುಕ್ಕರ್, ಬಾಣಲೆ, ದೋಸೆ ಹಂಚಿಗೆ ಎರಡು ದೊಡ್ಡ ಡ್ರಾಯರ್. ಭಾರ ಜಾಸ್ತಿ, ದಿನಕ್ಕೆ ಹತ್ತು ಸಲ ಎಳೆಯುವುದು. ಅವೆರಡಕ್ಕೆ ಮಾತ್ರ ಭಾರ ತಡೆದು ನಯವಾಗಿ ಜಾರುವ ಟ್ಯಾಂಡಮ್, ಒಂದಕ್ಕೆ 5,000. ಚಮಚ, ತಟ್ಟೆ, ಲೋಟಕ್ಕೆ ಮೂರು ಸ್ಟೀಲ್ ಬಾಸ್ಕೆಟ್ ಸಾಕು, ಚಾನೆಲ್ ಸೇರಿ ಒಂದಕ್ಕೆ 2,000. ಎಣ್ಣೆ ಬಾಟಲಿಗೆ ಒಂದು ಪುಲ್‌ಔಟ್ 3,500. ಮೇಲೆ ತಟ್ಟೆ ಒಣಗಿಸುವ ಸ್ಟ್ಯಾಂಡ್ 2,500. ಐದೂ ಡ್ರಾಯರ್ ಟ್ಯಾಂಡಮ್ ಮಾಡಿಸಿದ್ದರೆ 9,000 ಜಾಸ್ತಿ ಆಗುತ್ತಿತ್ತು.

ಮೂಲೆಯಲ್ಲಿ ತಿರುಗುವ ತಟ್ಟೆ ಹಾಕಿಸಿ ಅಂತ ಒತ್ತಾಯ ಮಾಡುತ್ತಾರೆ. ನಾನು ಬೇಡ ಅಂದೆ. ಆ ಕತ್ತಲೆ ಮೂಲೆಗೆ ಹಬ್ಬದ ಪಾತ್ರೆ, ಇಡ್ಲಿ ದಬರಿ ಸೇರಿಸಿದರೆ ಆಯಿತು. ವರ್ಷಕ್ಕೆ ನಾಲ್ಕು ಸಲ ಬಗ್ಗುವುದಕ್ಕೆ ಸಾವಿರಗಟ್ಟಲೆ ಯಾಕೆ?

ಹಿಂಜಿಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಕೆಳಗೆ 7, ಮೇಲೆ 6, ಒಟ್ಟು 13 ಶಟರ್. ಒಂದಕ್ಕೆ ಎರಡರಂತೆ 26 ಹಿಂಜು. ಸಾಫ್ಟ್ ಕ್ಲೋಸ್‌ಗೆ ಒಂದಕ್ಕೆ 120 ಜಾಸ್ತಿ ಕೊಟ್ಟರೂ ಆಗುವುದು 3,120. ಬಾಗಿಲು ಧಡ್ ಅಂತ ಬಡಿಯದಿದ್ದರೆ ಸ್ಕ್ರೂ ಸಡಿಲ ಆಗುವುದೂ ತಡ. ಎಲ್ಲ ಸೇರಿ ಹಾರ್ಡ್‌ವೇರ್ 25,120.

ಸ್ಟೀಲ್ ಬಾಸ್ಕೆಟ್ ಪರೀಕ್ಷೆಗೆ ಆಯಸ್ಕಾಂತ ಹಿಡಿದು ನೋಡಿ ಅಂತ ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ತುಕ್ಕು ತಡೆಯುವ 304 ದರ್ಜೆಗೆ ಆಯಸ್ಕಾಂತ ಅಂಟುವುದಿಲ್ಲ, ನಿಜ. ಆದರೆ ಅಗ್ಗದ 202ಕ್ಕೂ ಅಂಟುವುದಿಲ್ಲ. ಬಿಲ್ಲಿನಲ್ಲಿ 304 ಅಂತ ಬರೆಸಿಕೊಳ್ಳುವುದೇ ದಾರಿ.

ಚಿಮಣಿಯ ಅಗಲ ಒಲೆಯ ಮೇಲೆ ನಿಂತಿದೆ. ಎರಡು ಬರ್ನರ್ ಒಲೆಗೆ 60 ಸೆಂಟಿಮೀಟರ್ ಸಾಕು, ಮೂರು ಬರ್ನರ್ ಇದ್ದರೆ 90 ಒಳ್ಳೆಯದು. ಇವರದ್ದು ಮೂರು ಬರ್ನರ್, ಚಿಮಣಿ 15,000. ಕೂರಿಸಲು, ಆರು ಇಂಚಿನ ಪೈಪಿಗೆ, ಗೋಡೆ ಕೊರೆಯಲು, ಹೊರಗಿನ ಮುಚ್ಚಳಕ್ಕೆ ಇನ್ನೂ 4,500. ಪೈಪಿನ ಉದ್ದ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಒಂದೊಂದು ತಿರುವಿಗೂ ಎಳೆಯುವ ಶಕ್ತಿ ಕಡಿಮೆಯಾಗುತ್ತದೆ, ಸದ್ದು ಜಾಸ್ತಿಯಾಗುತ್ತದೆ. ಒಲೆ ಹೊರಗೋಡೆಗೆ ಇದ್ದರೆ ಈ ತೊಂದರೆಯೇ ಇಲ್ಲ. ಇವರ ಮನೆಯಲ್ಲಿ ಚಿಮಣಿ ಕೂರಿಸಲು ಬಂದ ಹುಡುಗ ಡ್ರಿಲ್ ಹಿಡಿದಿದ್ದು ಸರಿಯಾಗಿ ಬೀಮ್ ಇರುವ ಜಾಗಕ್ಕೆ. ಸದ್ಯ, ಮನೆ ಕಟ್ಟಿದ ಮೇಸ್ತ್ರಿ ಅಲ್ಲೇ ಇದ್ದರು. ತೂತನ್ನು ಬೀಮಿನ ಕೆಳಗೆ ಇಳಿಸಿದರು. ಬೀಮ್ ಎಲ್ಲಿದೆ ಅಂತ ಮೊದಲೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡಿ. ಹೊರಗಿನ ಮುಚ್ಚಳ ರೆಕ್ಕೆ ಮುಚ್ಚಿಕೊಳ್ಳುವಂಥದ್ದಿರಲಿ, ಪಡುವಣದ ಗೋಡೆಯಾದರೆ ಖಂಡಿತ. ಜುಲೈ ತಿಂಗಳ ಎರಚಲು ಪೈಪಿನೊಳಗೆ ಬಂದು ಒಲೆಯ ಮೇಲೇ ತೊಟ್ಟಿಕ್ಕುವುದನ್ನು ನಾನು ನೋಡಿದ್ದೇನೆ.

ಕೊನೆಗೆ ಎಲ್ಲ ಕೂಡಿಸಿದೆವು. ಕ್ಯಾಬಿನೆಟ್ 90,000, ಕಟ್ಟೆ 12,020, ಹಾರ್ಡ್‌ವೇರ್ 25,120, ಚಿಮಣಿ 19,500. ಮೊದಲ ಎರಡು ಸಾಲಿನ ಚೀಟಿಯಲ್ಲಿ ಜಿಎಸ್‌ಟಿ ಪ್ರತ್ಯೇಕ ಅಂತ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿತ್ತು. ಕ್ಯಾಬಿನೆಟ್ಟಿಗೂ ಹಾರ್ಡ್‌ವೇರಿಗೂ ನೂರಕ್ಕೆ 18ರಂತೆ 20,722 ಸೇರಿತು. ಒಟ್ಟು 1,67,362. ಅವರ ಅಳತೆಯನ್ನೇ ಒಪ್ಪಿದ್ದರೆ ತೆರಿಗೆ ಸಮೇತ ಇನ್ನೂ 33,984 ಸೇರಿ ಎರಡು ಲಕ್ಷ ದಾಟುತ್ತಿತ್ತು. ನಿಮ್ಮ ಊರಲ್ಲಿ ರೇಟು ಬೇರೆ ಇರಬಹುದು, ಅಳತೆಯ ಜಾಗಕ್ಕೆ ನಿಮ್ಮ ಅಡಿ ಹಾಕಿಕೊಳ್ಳಿ.

ಒಂದು ಲಕ್ಷದ ಹದಿನೆಂಟು ಸಾವಿರಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದವಳಿಗೆ ಸ್ವಲ್ಪ ಬೇಜಾರೇ ಆಯಿತು. ಎರಡು ದಿನ ಬಿಟ್ಟು ಹೊಸ ಚೀಟಿ ಹಿಡಿದು ಬಂದಳು. ಅದರಲ್ಲಿ ಹದಿಮೂರು ಸಾಲು ಇತ್ತು, ಕೆಳಗಿನ ಅಳತೆ 16, ಮೇಲಿನದು 10. "ಅಂಗಡಿಯವರು ಕೇಳಿದರು ಅತ್ತೆ, ಟೇಪು ಹಿಡಿದಿದ್ದು ಯಾರು ಅಂತ" ಅಂದಳು.