ಬ್ಯಾಟರಿ ಪ್ಲಗ್ ಬೆಸುಗೆ ಹಾಕುವ ಮೊದಲು

ಹಳೆಯ ಆರ್‌ಸಿ ಕಾರಿಗೆ ಎರಡು ಸೆಲ್‌ಗಳ ಹೊಸ 2ಎಸ್ ಲಿಪೊ ಬ್ಯಾಟರಿ ತಂದಾಗ ಪ್ಲಗ್ ಕೂರದಿರುವುದು ಮಾಮೂಲು. ಮೋಟರಿನ ವೇಗ ನಿಯಂತ್ರಿಸುವ ಕಾರಿನ ಇಎಸ್‌ಸಿಯಲ್ಲಿ ಬಿಳಿ ಟಮಿಯಾ ಪ್ಲಗ್, ಬ್ಯಾಟರಿಯಲ್ಲಿ ಹಳದಿ ಎಕ್ಸ್‌ಟಿ60. ಇಂಥಲ್ಲಿ ಬ್ಯಾಟರಿಯ ಪ್ಲಗ್ ಮುಟ್ಟಬೇಡಿ, ಕಾರಿನದನ್ನೇ ಬದಲಿಸಿ. ಕರೆಂಟ್ ಇಲ್ಲದ ಕಡೆ ಕೆಲಸ ಮಾಡುವುದು ಸುರಕ್ಷಿತ, ಮೇಲಾಗಿ ಟಮಿಯಾದ ತೆಳು ಪಿನ್‌ಗಳು ಹೆಚ್ಚು ಕರೆಂಟಿಗೆ ಬಿಸಿಯಾಗಿ ಕರಗುತ್ತವೆ.

ಬ್ಯಾಟರಿಗೆ ಹೆಣ್ಣು ಪ್ಲಗ್, ಕಾರಿಗೆ ಗಂಡು. ತದ್ವಿರುದ್ಧ ಮಾಡಿದರೆ ಬ್ಯಾಟರಿಯ ಪಿನ್‌ಗಳು ಬಯಲಲ್ಲಿದ್ದು ಬೀಗದ ಕೈ ತಗುಲಿದರೂ ಶಾರ್ಟ್ ಆಗುತ್ತದೆ. ಎಕ್ಸ್‌ಟಿ60ರಲ್ಲಿ ವೈರ್ ಕೂರುವ ಬಟ್ಟಲಿಗೆ 12 ಅಥವಾ 14 ಗೇಜ್ ವೈರ್ ಸರಿ. ಸಂಖ್ಯೆ ಹೆಚ್ಚಾದಷ್ಟೂ ವೈರ್ ತೆಳು ಎಂಬುದು ನೆನಪಿರಲಿ. ದಪ್ಪ ವೈರ್ ತೂರಿಸಲೆಂದು ಎಳೆಗಳನ್ನು ಕತ್ತರಿಸಬೇಡಿ, ಕರೆಂಟ್ ಹರಿಯುವ ದಾರಿಯೇ ಕಿರಿದಾಗುತ್ತದೆ.

ಪೊಲಾರಿಟಿ ವಿಷಯದಲ್ಲಿ ವೈರ್ ಬಣ್ಣವನ್ನಷ್ಟೇ ನಂಬಬೇಡಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಬ್ಯಾಟರಿ ಪ್ಲಗ್‌ನ + ಗುರುತಿನ ರಂಧ್ರಕ್ಕೆ, ಕಪ್ಪನ್ನು − ಗುರುತಿನದಕ್ಕೆ ತಾಗಿಸಿ. ತುಂಬಿದ 2ಎಸ್ 8.4 ತೋರಿಸಬೇಕು. ಮುಂದೆ ಮೈನಸ್ ಬಂದರೆ ಪ್ಲಗ್ ಉಲ್ಟಾ ಇದೆ. ಹಾಗೆಯೇ ಜೋಡಿಸಿದರೆ ಇಎಸ್‌ಸಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಬೆಸುಗೆ ಹಾಕುವಾಗ ಗಂಡು ಪ್ಲಗ್‌ಗೆ ಬಿಡಿ ಹೆಣ್ಣು ಪ್ಲಗ್ ಒಂದನ್ನು ಸಿಕ್ಕಿಸಿಡಿ. ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ ಓರೆಯಾಗುವುದಿಲ್ಲ. ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆಯನ್ನು ಮೊದಲೇ ವೈರಿಗೆ ತೊಡಿಸಿ ದೂರ ಸರಿಸಿಡಿ. ವೈರಿಗೂ ಬಟ್ಟಲಿಗೂ ಮೊದಲೇ ಸೀಸ ಹಚ್ಚಿ, ಎರಡನ್ನೂ ಕೂಡಿಸಿ ಕಾಯಿಸಿ. ತಣ್ಣಗಾದ ಮೇಲೆ ಬಲವಾಗಿ ಎಳೆದು ನೋಡಿ. ಸೀಸ ಹೊಳೆಯದೆ ಉಂಡೆಯಂತೆ ನಿಂತಿದ್ದರೆ ಮತ್ತೆ ಕಾಯಿಸಿ.