ಫಿಟ್ಸ್ ಮಾತ್ರೆ ಶುರುವಾದ ತಾರೀಖು: ವಾರ್ಡ್ ನೋಟ್ಸ್‌ನಿಂದ ಒಂದು ಎಡಿಆರ್ ವರದಿ ಬರೆದ ನನ್ನ ಅನುಭವ

ನಾನು ಮಡಿಕೇರಿ ಕಡೆಯ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಔಷಧಿಯಿಂದ ರೋಗಿಗೆ ತೊಂದರೆ ಆಗಿರಬಹುದು ಎಂಬ ಅನುಮಾನ ಬಂದರೆ ಆ ವರದಿ ಬರೆಯುವುದು ನನ್ನ ಕೆಲಸ. ಅಡ್ವರ್ಸ್ ಡ್ರಗ್ ರಿಯಾಕ್ಷನ್ ಎಂಬುದನ್ನು ಚಿಕ್ಕದಾಗಿ ಎಡಿಆರ್ ಅನ್ನುತ್ತೇವೆ. ನಮ್ಮ ದೇಶದಲ್ಲಿ ಈ ವರದಿಗಳೆಲ್ಲ ಕೊನೆಗೆ ಹೋಗಿ ಸೇರುವುದು ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್‌ಗೆ. ಫಾರ್ಮ್ ನೋಡಿದರೆ ಒಂದೇ ಹಾಳೆ, ಸುಲಭ ಅನ್ನಿಸುತ್ತದೆ. ಆದರೆ ಕೇಸ್ ಶೀಟ್ ಮುಂದಿಟ್ಟುಕೊಂಡು ಅದನ್ನು ಸುಮ್ನೆ ನಕಲು ಮಾಡಿದರೆ ತಪ್ಪು ಔಷಧಿಯ ಮೇಲೆ ದೂರು ಹೋಗುವುದು ಖಂಡಿತ. ಒಂದು ಮಳೆಗಾಲದಲ್ಲಿ ನನಗೆ ಹಾಗೆ ಆಗುವುದರಲ್ಲಿತ್ತು.

ಜುಲೈ 10ರಂದು ಒಬ್ಬ ಹೆಂಗಸು ಅಡ್ಮಿಟ್ ಆದರು. 34 ವರ್ಷ, 42 ಕೆಜಿ, ಕಾಫಿ ತೋಟದ ಲೈನ್ ಮನೆಯಲ್ಲಿ ವಾಸ. ಅಡ್ಮಿಷನ್ ನೋಟ್‌ನಲ್ಲಿ ಇದ್ದದ್ದು ಇಷ್ಟು: ನಾಲ್ಕು ದಿನದಿಂದ ಜ್ವರ, ಎರಡು ದಿನದಿಂದ ಅಮಾಕ್ಸಿಸಿಲಿನ್, ಒಂದು ದಿನದಿಂದ ಮೈತುಂಬ ಕೆಂಪು ಗುಳ್ಳೆ, ಮುಖ ಊತ, ಕುತ್ತಿಗೆಯಲ್ಲಿ ಗಂಟು. ಕೆಳಗೆ ‘ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ’ ಅಂತ ಒಂದು ಸಾಲು. ಮಾತ್ರೆಯ ಹೆಸರಿಲ್ಲ, ಯಾವಾಗ ಶುರುವಾಯಿತು ಎಂಬುದೂ ಇಲ್ಲ. ಕೇಸ್ ಶೀಟಿನ ಮೇಲೆ ಮಾತ್ರ ಕೆಂಪು ಇಂಕಿನಲ್ಲಿ ‘ಪೆನ್ಸಿಲಿನ್ ಅಲರ್ಜಿ’ ಎಂದು ಆಗಲೇ ಬರೆದಾಗಿತ್ತು. ಪೆನ್ಸಿಲಿನ್ ಗುಂಪಿಗೇ ಸೇರಿದ ಅಮಾಕ್ಸಿಸಿಲಿನ್ ಅವತ್ತೇ ನಿಂತಿತು.

ನಾನು ಆ ಕೇಸ್ ನೋಡಿದ್ದು 12ನೇ ತಾರೀಖು ಬೆಳಗ್ಗೆ. ಅಮಾಕ್ಸಿಸಿಲಿನ್ ಕಾಲಂ ತುಂಬಿ ವರದಿ ಮುಗಿಸಬಹುದಿತ್ತು. ಆದರೆ ಇಂಥ ಕೇಸಿನಲ್ಲಿ ನಾನು ಡಾಕ್ಟರ್ ನೋಟ್ಸ್‌ಗಿಂತ ಮೊದಲು ನರ್ಸ್‌ಗಳ ಡ್ರಗ್ ಚಾರ್ಟ್ ಮತ್ತು ಜ್ವರದ ಚಾರ್ಟ್ ತೆಗೆಯುತ್ತೇನೆ. ಡಾಕ್ಟರ್ ನೋಟ್ಸ್‌ನಲ್ಲಿ ಅಭಿಪ್ರಾಯ ಇರುತ್ತದೆ. ಚಾರ್ಟ್‌ನಲ್ಲಿ ಗಂಟೆ ಇರುತ್ತದೆ. ಅಮಾಕ್ಸಿಸಿಲಿನ್ ನಿಂತ ಮಾರನೇ ದಿನ, 11ರ ಸಂಜೆಯೂ ಜ್ವರ 102.4 ಇತ್ತು, ಮುಖದ ಊತ ಜಾಸ್ತಿ ಆಗಿತ್ತು. ಇದೊಂದೇ ಸಾಕ್ಷಿ ಆಗುವುದಿಲ್ಲ. ಯಾವ ಔಷಧಿಯ ಗುಳ್ಳೆಯಾದರೂ ನಿಲ್ಲಿಸಿದ ಮೇಲೂ ಒಂದೆರಡು ದಿನ ಏರಬಹುದು. ಆದರೆ ಡ್ರಗ್ ಚಾರ್ಟ್‌ನ ಇನ್ನೊಂದು ಸಾಲು ನೋಡಿ ನನಗೆ ಧಸಕ್ಕೆಂದಿತು. 10 ಮತ್ತು 11ರ ರಾತ್ರಿ 9 ಗಂಟೆಗೆ ಫೆನಿಟಾಯಿನ್ 300 ಮಿಲಿಗ್ರಾಂ ಕೊಟ್ಟು ಸಹಿ ಹಾಕಿದ್ದರು. ಆ ‘ಫಿಟ್ಸ್ ಮಾತ್ರೆ’ ಇದೇ. ಅದು ನಡೆದುಕೊಂಡೇ ಬಂದಿತ್ತು.

ರಾತ್ರಿ ಡ್ಯೂಟಿಯ ಸಿಸ್ಟರ್ ಬರೆದ ಒಂದು ಸಾಲು ಇನ್ನೂ ಬೆಲೆಯುಳ್ಳದ್ದಾಗಿತ್ತು: ‘ಬೆನ್ನು ತುರಿಕೆ ಸೋಮವಾರದಿಂದ ಇದೆ ಎನ್ನುತ್ತಾರೆ.’ ಸೋಮವಾರ ಎಂದರೆ 7ನೇ ತಾರೀಖು. ಕ್ಲಿನಿಕ್ ಚೀಟಿಯಲ್ಲಿ ಅಮಾಕ್ಸಿಸಿಲಿನ್ ಬರೆದದ್ದು 8ಕ್ಕೆ. ಹಾಗಾದರೆ ತುರಿಕೆ ಮೊದಲು, ಅಮಾಕ್ಸಿಸಿಲಿನ್ ಆಮೇಲೆ!

ನೇರ ಬೆಡ್ ಹತ್ತಿರ ಹೋದೆ. ‘ತುರಿಕೆ ಯಾವ ತಾರೀಖು ಶುರುವಾಯಿತು’ ಅಂತ ಕೇಳಿದರೆ ಹೆಚ್ಚಿನವರಿಗೆ ಹೇಳಲು ಆಗುವುದಿಲ್ಲ. ಸಂತೆ, ಬಟವಾಡೆ, ಹಬ್ಬ ಹಿಡಿದು ಕೇಳಬೇಕು. ಅವರು ಹೇಳಿದರು: “ಭಾನುವಾರ ಸಂತೆಯಿಂದ ಬಂದ ಸಂಜೆನೇ ಚಳಿ ಹಿಡೀತು ಮೇಡಂ. ಮಾರನೇ ದಿನ ಬೆನ್ನೆಲ್ಲಾ ತುರಿಕೆ. ತೋಟದಲ್ಲಿ ಜಿಗಣೆ ಕಚ್ಚಿರ್ಬೇಕು ಅಂತ ಸುಮ್ನಿದ್ದೆ.” ಮಳೆಗಾಲದಲ್ಲಿ ನಮ್ಮ ತೋಟಗಳಲ್ಲಿ ಜಿಗಣೆ ಕಚ್ಚದ ದಿನವೇ ಇಲ್ಲ. ತುರಿಕೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಲ್ವಾ? ಅವರ ಗಂಡ ತೋಟದ ರೈಟರ್‌ಗೆ ಫೋನ್ ಮಾಡಿ ಹಾಜರಿ ಕೇಳಿದರು. 7ರಿಂದ ಆಕೆ ಕೆಲಸಕ್ಕೆ ಬಂದಿಲ್ಲ ಎಂದು ಅಲ್ಲಿತ್ತು. ಮಾತು ತಾಳೆಯಾಯಿತು.

ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದರು. ಜೊತೆಗೆ ಹಳೇ ಚೀಟಿಯೂ ಇತ್ತು. ಎರಡು ಸಲ ಫಿಟ್ಸ್ ಬಂದ ಮೇಲೆ ಬೇರೆ ಕಡೆ ತೋರಿಸಿ, ಜೂನ್ 12ರಂದು ಫೆನಿಟಾಯಿನ್ ಶುರು ಮಾಡಿದ್ದರು. ಜೂನ್ 12ರಿಂದ ಜುಲೈ 6ಕ್ಕೆ 24 ದಿನ. ಈ ಲೆಕ್ಕ ಬಂದ ಕೂಡಲೇ ಮುಖದ ಊತ, ಕುತ್ತಿಗೆಯ ಗಂಟು, ಜ್ವರ ಎಲ್ಲ ಒಂದೇ ಕಡೆ ಬೆರಳು ತೋರಿಸಿದವು. ಡ್ರೆಸ್ ಎಂಬ ರಿಯಾಕ್ಷನ್ ಸಾಮಾನ್ಯವಾಗಿ ಔಷಧಿ ಶುರುವಾದ ಎರಡರಿಂದ ಎಂಟು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ಚರ್ಮ ಮಾತ್ರವಲ್ಲ, ಒಳಗಿನ ಅಂಗಗಳಿಗೂ ತಟ್ಟುತ್ತದೆ. ಅದಕ್ಕೆ ಹೆಸರಾದ ಔಷಧಿಗಳಲ್ಲಿ ಫೆನಿಟಾಯಿನ್ ಒಂದು.

ಡ್ಯೂಟಿ ಡಾಕ್ಟರ್‌ಗೆ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಅವತ್ತಿನ ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ 18 ಪರ್ಸೆಂಟ್, ಲಿವರ್‌ನ ಎಸ್‌ಜಿಪಿಟಿ 412, ಎರಡೂ ಬಹಳ ಜಾಸ್ತಿ. ಇಲಿ ಜ್ವರ, ಡೆಂಗಿ ಟೆಸ್ಟ್ ನೆಗೆಟಿವ್. ನಮ್ಮ ಕಡೆ ಮಳೆಗಾಲದ ಜ್ವರಕ್ಕೆ ಇವೆರಡನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಫೆನಿಟಾಯಿನ್ ನಿಲ್ಲಿಸಿದರು. ಫಿಟ್ಸ್‌ಗೆ ಲೆವೆಟಿರಾಸೆಟಮ್ ಶುರುವಾಯಿತು, ಜೊತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ 40 ಮಿಲಿಗ್ರಾಂ. ಕಾರ್ಬಮಜೆಪಿನ್ ಮತ್ತು ಫಿನೋಬಾರ್ಬಿಟೋನ್‌ಗೆ ಬದಲಾಯಿಸಲಿಲ್ಲ. ಫೆನಿಟಾಯಿನ್‌ಗೆ ಹೀಗಾದವರಿಗೆ ಅವುಗಳಿಂದಲೂ ಆಗುವ ಸಂಭವ ಜಾಸ್ತಿ. ಲಿವರ್ ಕೆಟ್ಟಿದ್ದರಿಂದ ವಾಲ್‌ಪ್ರೋಯೇಟ್ ಕೂಡ ಬೇಡ ಎಂದರು.

ಇನ್ನು ಫಾರ್ಮ್ ವಿಷಯ. ರಿಯಾಕ್ಷನ್ ಶುರುವಾದ ತಾರೀಖಿನ ಜಾಗದಲ್ಲಿ ಅಡ್ಮಿಷನ್ ತಾರೀಖು ಬರೆಯುವುದು ನಾನು ಹೆಚ್ಚು ನೋಡಿದ ತಪ್ಪು. ಇಲ್ಲಿ 10 ಎಂದು ಬರೆದಿದ್ದರೆ ಅಮಾಕ್ಸಿಸಿಲಿನ್ ಎರಡು ದಿನ ಮೊದಲು ಬಂದಂತಾಗಿ, ಓದುವವರಿಗೆ ಅದೇ ಕಾರಣ ಅನ್ನಿಸುತ್ತಿತ್ತು. ನಾನು ಬರೆದದ್ದು ಜುಲೈ 6, ಜ್ವರ ಬಂದ ದಿನ. ಜ್ವರವೂ ಈ ರಿಯಾಕ್ಷನ್‌ನ ಭಾಗವೇ.

ಅನುಮಾನದ ಔಷಧಿಯಾಗಿ ಫೆನಿಟಾಯಿನ್ ಹಾಕಿದೆ: ಬಾಯಿ ಮೂಲಕ, ದಿನಕ್ಕೊಮ್ಮೆ 300 ಮಿಲಿಗ್ರಾಂ, ಜೂನ್ 12ರಿಂದ ಜುಲೈ 11ರವರೆಗೆ. ಆರ್ಡರ್‌ನಲ್ಲಿ ಹೊಡೆದುಹಾಕಿದ ದಿನ 12 ಇತ್ತು. ಆದರೆ ಬೇಕಾದದ್ದು ಕೊನೆಯ ಡೋಸ್ ದೇಹಕ್ಕೆ ಹೋದ ದಿನ. ಬ್ಯಾಚ್ ನಂಬರ್ ಇದ್ದ ಸ್ಟ್ರಿಪ್‌ನ ತುದಿಯನ್ನು ಯಾರೋ ಮಾತ್ರೆ ಕತ್ತರಿಸುವಾಗ ಎಸೆದಿದ್ದರು. ಆ ಜಾಗದಲ್ಲಿ ‘ತಿಳಿದಿಲ್ಲ’ ಎಂದು ಬರೆದೆ. ಬ್ಯಾಚ್ ನಂಬರ್ ಸಿಗಲಿಲ್ಲ ಎಂದು ವರದಿಯನ್ನೇ ಕೈಬಿಟ್ಟವರನ್ನು ಕಂಡಿದ್ದೇನೆ, ಹಾಗೆ ಮಾಡಬೇಡಿ. ಅಮಾಕ್ಸಿಸಿಲಿನ್ ಮತ್ತು ಪ್ಯಾರಾಸಿಟಮಾಲ್ ಜೊತೆಗಿದ್ದ ಔಷಧಿಗಳ ಪಟ್ಟಿಗೆ ಹೋದವು, ತಾರೀಖು ಸಹಿತ. ಅಮಾಕ್ಸಿಸಿಲಿನ್ ಕಾರಣವೇ ಅಲ್ಲ ಎಂದು ನಾನು ಬರೆಯಲಿಲ್ಲ. ತುರಿಕೆ ಅದಕ್ಕಿಂತ ಮೊದಲೇ ಇತ್ತು, ಅದು ಗುಳ್ಳೆಯನ್ನು ಹೆಚ್ಚಿಸಿರಬಹುದೇ ಎಂಬುದು ಹೇಳಲಾಗದು ಎಂದು ಬರೆದೆ. ಕೇಸ್ ಶೀಟಿನ ಕೆಂಪು ಸಾಲನ್ನು ಡಾಕ್ಟರ್ ಹೊಡೆದು, ಸಹಿ ಹಾಕಿ, ಫೆನಿಟಾಯಿನ್ ಹೆಸರು ಬರೆದರು. ಆ ಸಾಲು ಹಾಗೇ ಉಳಿದಿದ್ದರೆ ಆಕೆಗೆ ಜೀವನವಿಡೀ ಒಂದು ಒಳ್ಳೆಯ ಆಂಟಿಬಯಾಟಿಕ್ ಇಲ್ಲದಂತಾಗುತ್ತಿತ್ತು. ಫೆನಿಟಾಯಿನ್ ಮಾತ್ರ ಮತ್ತೆ ಕೈಗೆ ಬರುತ್ತಿತ್ತು.

ಎಷ್ಟು ಜೋರು ಎಂಬ ಪ್ರಶ್ನೆಯಲ್ಲಿ ನಾನೇ ಮೊದಲು ಎಡವಿದೆ. ತೀವ್ರತೆ ಬೇರೆ, ಗಂಭೀರತೆ ಬೇರೆ. ತಡೆಯಲಾರದ ತಲೆನೋವು ತೀವ್ರ, ಆದರೆ ಫಾರ್ಮಿನ ಅರ್ಥದಲ್ಲಿ ಗಂಭೀರ ಅಲ್ಲದಿರಬಹುದು. ಫಾರ್ಮ್ ಕೇಳುವುದು ಗಂಭೀರತೆ: ಸಾವು, ಜೀವಕ್ಕೆ ಅಪಾಯ, ಆಸ್ಪತ್ರೆ ಸೇರಿದ್ದು ಅಥವಾ ಹೆಚ್ಚು ದಿನ ಉಳಿದದ್ದು, ಅಂಗವೈಕಲ್ಯ, ಹುಟ್ಟು ದೋಷ, ಇಲ್ಲವೇ ವೈದ್ಯಕೀಯವಾಗಿ ಮುಖ್ಯವಾದ ಇನ್ನೊಂದು ಕಾರಣ. ಡ್ರೆಸ್‌ನಿಂದ ಸಾಯುವವರಿದ್ದಾರೆ ಎಂದು ಗೊತ್ತಿದ್ದರಿಂದ ಪೆನ್ಸಿಲ್‌ನಲ್ಲಿ ‘ಜೀವಕ್ಕೆ ಅಪಾಯ’ಕ್ಕೆ ಟಿಕ್ ಹಾಕಿಬಿಟ್ಟಿದ್ದೆ. ಆಮೇಲೆ ಚಾರ್ಟ್ ತಿರುಗಿಸಿ ನೋಡಿದೆ. ಬಿಪಿ ಒಮ್ಮೆಯೂ ಇಳಿದಿಲ್ಲ, ಆಕ್ಸಿಜನ್ ಬೇಕಾಗಿಲ್ಲ, ಐಸಿಯುಗೆ ಹೋಗಿಲ್ಲ. ಆ ಟಿಕ್‌ಗೆ ಈ ರೋಗಿಯ ಜೀವ ಆ ಹೊತ್ತಿನಲ್ಲಿ ನಿಜವಾಗಿ ಅಪಾಯದಲ್ಲಿ ಇರಬೇಕು. ಅಳಿಸಿ, ‘ಆಸ್ಪತ್ರೆ ಸೇರಿದ್ದು’ ಎಂಬುದಕ್ಕೆ ಹಾಕಿದೆ. ತೀವ್ರತೆಯನ್ನು ನಮ್ಮ ರಿಜಿಸ್ಟರ್‌ನಲ್ಲಿ ಹಾರ್ಟ್‌ವಿಗ್ ಮಾಪಕದ ಪ್ರಕಾರ ಬರೆಯುತ್ತೇವೆ. ರಿಯಾಕ್ಷನ್ ಕಾರಣದಿಂದಲೇ ಅಡ್ಮಿಟ್ ಆದರೆ 4ನೇ ಮಟ್ಟ, ಅಂದರೆ ಮಧ್ಯಮ. ಹೀಗೆ ಇದು ಗಂಭೀರವಾದರೂ ತೀವ್ರತೆಯಲ್ಲಿ ಮಧ್ಯಮ ಆಯಿತು.

ವಿವರಣೆಯ ಜಾಗಕ್ಕೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗಿರುತ್ತದೆ: ‘ಫೆನಿಟಾಯಿನ್ ಶುರುವಾದ 24 ದಿನಕ್ಕೆ ಜ್ವರ, ಮರುದಿನ ಬೆನ್ನಿನಲ್ಲಿ ತುರಿಕೆ. ಜುಲೈ 8ರಿಂದ 10ರವರೆಗೆ ಅಮಾಕ್ಸಿಸಿಲಿನ್. 10ರಂದು ಮೈಯೆಲ್ಲ ಗುಳ್ಳೆ, ಮುಖ ಊತ, ಕುತ್ತಿಗೆಯಲ್ಲಿ ಗಂಟು. 12ರಂದು ಇಯೋಸಿನೋಫಿಲ್ 18%, ಎಸ್‌ಜಿಪಿಟಿ 412. ಫೆನಿಟಾಯಿನ್ ಕೊನೆಯ ಡೋಸ್ 11ರ ರಾತ್ರಿ. 12ರಿಂದ ಪ್ರೆಡ್ನಿಸೊಲೋನ್. 14ಕ್ಕೆ ಜ್ವರ ಇಳಿಯಿತು. ಮತ್ತೆ ಕೊಟ್ಟು ನೋಡಿಲ್ಲ.’ ಬಾಯಿ ಮತ್ತು ಕಣ್ಣಿನಲ್ಲಿ ಹುಣ್ಣು ಇರಲಿಲ್ಲ ಎಂಬುದನ್ನೂ ಸೇರಿಸಿದೆ. ಸ್ಟೀವನ್ಸ್ ಜಾನ್ಸನ್ ಎಂಬ ಇನ್ನೊಂದು ರಿಯಾಕ್ಷನ್ ಅಲ್ಲವೇ ಎಂದು ಓದುವವರು ಕೇಳುವ ಮೊದಲ ಪ್ರಶ್ನೆ ಅದು.

ಕಾರಣದ ನಂಟಿಗೆ ‘ಪ್ರಾಬಬಲ್’ ಎಂದು ಕೊಟ್ಟೆ, ‘ಸರ್ಟನ್’ ಕೊಡಲಿಲ್ಲ. ಔಷಧಿ ನಿಂತ ಮೇಲೆ ಆರಾಮ ಆದದ್ದು ನಿಜ, ಆದರೆ ಅದೇ ದಿನ ಸ್ಟೀರಾಯ್ಡ್ ಕೂಡ ಶುರುವಾಗಿದೆ. ಎರಡರಲ್ಲಿ ಯಾವುದರಿಂದ ಎಷ್ಟು ಎಂದು ಬೇರೆ ಮಾಡಲು ಬರುವುದಿಲ್ಲ. ಮತ್ತೆ ಕೊಟ್ಟು ಪರೀಕ್ಷಿಸುವ ಮಾತಂತೂ ಇಲ್ಲವೇ ಇಲ್ಲ.

19ರಂದು ಡಿಸ್ಚಾರ್ಜ್. ಸಮ್ಮರಿಯಲ್ಲಿ ‘ಗುಣಮುಖರಾಗಿ ಮನೆಗೆ’ ಎಂದಿತ್ತು. ಅದನ್ನು ನೋಡಿ ಫಲಿತಾಂಶದಲ್ಲಿ ‘ರಿಕವರ್ಡ್’ ಹಾಕಿಬಿಡುವುದು ಬಹಳ ಸುಲಭ. ಆದರೆ ಅವತ್ತಿನ ಎಸ್‌ಜಿಪಿಟಿ ಇನ್ನೂ 168, ಕೈಯ ಚರ್ಮ ಸುಲಿಯುತ್ತಿತ್ತು. ಡ್ರೆಸ್ ಸ್ಟೀರಾಯ್ಡ್ ಇಳಿಸುವಾಗ ಮತ್ತೆ ಕೆರಳಬಹುದು, ಅದಕ್ಕೇ ಪ್ರೆಡ್ನಿಸೊಲೋನನ್ನು ವಾರಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ‘ರಿಕವರಿಂಗ್’ ಎಂದು ಬರೆದು ಕಳಿಸಿದೆ. ರೋಗಿಯ ಹೆಸರಿನ ಜಾಗದಲ್ಲಿ ಇನಿಷಿಯಲ್ ಮಾತ್ರ.

ಮನೆಗೆ ಹೊರಡುವಾಗ ಒಂದು ಕಾರ್ಡ್ ಕೊಟ್ಟೆ. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಬೇಡ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಮನೆಯಲ್ಲಿ ಉಳಿದ ಫೆನಿಟಾಯಿನ್ ಮಾತ್ರೆ ವಾಪಸ್ ಪಡೆದೆ, ಏಕೆಂದರೆ ಫಿಟ್ಸ್ ಬಂದರೆ ಹಳೇದನ್ನೇ ಕೊಟ್ಟುಬಿಡುತ್ತಾರೆ.

ಆಗಸ್ಟ್ ಎರಡನೇ ವಾರ ಅವರು ಫಾಲೋ ಅಪ್‌ಗೆ ಬಂದಾಗ ಎಸ್‌ಜಿಪಿಟಿ 34, ಮೈಮೇಲೆ ಕಲೆಯೂ ಇಲ್ಲ, ಫಿಟ್ಸ್ ಬಂದಿಲ್ಲ. ಸ್ಟೀರಾಯ್ಡ್ ಇನ್ನೂ 10 ಮಿಲಿಗ್ರಾಂ ನಡೆದಿತ್ತು. ಹಾಗಾಗಿ ಅವತ್ತೂ ಫಲಿತಾಂಶ ಬದಲಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದು ಪೂರ್ತಿ ನಿಂತು ಎರಡು ವಾರವಾದ ಮೇಲೆ ಮತ್ತೊಮ್ಮೆ ರಕ್ತ ನೋಡಿ, ಹಳೇ ವರದಿಯ ನಂಬರ್ ಹಾಕಿ, ‘ಫಾಲೋ ಅಪ್’ ಎಂದು ಟಿಕ್ ಮಾಡಿ, ‘ರಿಕವರ್ಡ್’ ಎಂದು ಕಳಿಸಿದೆ. ಕಾರ್ಡ್ ಎಲ್ಲಿ ಎಂದು ಕೇಳಿದ್ದಕ್ಕೆ ರೇಷನ್ ಕಾರ್ಡಿನ ಕವರಿನಿಂದ ತೆಗೆದು ತೋರಿಸಿದರು.