ಕ್ಯಾಲಿಫೋರ್ನಿಯಾದ ಓವರ್‌ಟೈಮ್: ದಿನದ ಮಿತಿ ಮತ್ತು ವಾರದ ಮಿತಿ ಎರಡೂ ಇರುವಾಗ ಲೆಕ್ಕ ಹಾಕುವ ಕ್ರಮ

ಅಮೆರಿಕದ ಒಕ್ಕೂಟ ಕಾನೂನು ಓವರ್‌ಟೈಮಿಗೆ ವಾರಕ್ಕೆ 40 ಗಂಟೆ ಎಂಬ ಒಂದೇ ಮಿತಿಯನ್ನು ಹಾಕಿದೆ. ಒಬ್ಬರು ಒಂದೇ ದಿನ 14 ಗಂಟೆ ದುಡಿದರೂ ವಾರದ ಮೊತ್ತ 40 ದಾಟದಿದ್ದರೆ ಆ ಕಾನೂನಿನ ಪ್ರಕಾರ ಹೆಚ್ಚುವರಿ ದರ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಕಾರ್ಮಿಕ ಸಂಹಿತೆಯ 510ನೇ ಸೆಕ್ಷನ್ನಿನಲ್ಲಿ ಇದರ ಮೇಲೆ ದಿನದ ಮಿತಿಯನ್ನೂ ಸೇರಿಸಿದೆ. ದಿನಕ್ಕೆ 8 ಗಂಟೆ ದಾಟಿದ ದುಡಿಮೆಗೆ ಒಂದೂವರೆ ಪಟ್ಟು, 12 ಗಂಟೆ ದಾಟಿದ್ದಕ್ಕೆ ಎರಡು ಪಟ್ಟು, ಮತ್ತು ವಾರಕ್ಕೆ 40 ಗಂಟೆ ದಾಟಿದ್ದಕ್ಕೆ ಒಂದೂವರೆ ಪಟ್ಟು ವೇತನವನ್ನು ಕೊಡಬೇಕು. ನಮ್ಮಲ್ಲಿ 1948ರ ಕಾರ್ಖಾನೆಗಳ ಕಾಯ್ದೆಯೂ ದಿನಕ್ಕೆ 9, ವಾರಕ್ಕೆ 48 ಎಂದು ಎರಡು ಮಿತಿಗಳನ್ನು ಇಟ್ಟುಕೊಂಡಿತ್ತಾದ್ದರಿಂದ, ಬೆಂಗಳೂರಿನ ಕಾರ್ಖಾನೆಗಳಲ್ಲಿ ದುಡಿದು ಬಂದವರಿಗೆ ಈ ಕಲ್ಪನೆ ಹೊಸದೇನಲ್ಲ. ತೊಡಕು ಬರುವುದು ಎರಡೂ ಮಿತಿಗಳನ್ನು ಒಂದೇ ವಾರದಲ್ಲಿ ದಾಟಿದಾಗ.

ಈ ನಿಯಮ ಎಲ್ಲರಿಗೂ ಅನ್ವಯಿಸುವುದಿಲ್ಲ. ಮಾಸಿಕ ಸಂಬಳದ ಮೇಲಿರುವ ಬಹುಪಾಲು ಸಾಫ್ಟ್‌ವೇರ್ ಎಂಜಿನಿಯರುಗಳು ಓವರ್‌ಟೈಮಿನಿಂದ ವಿನಾಯಿತಿ ಪಡೆದ ವರ್ಗಕ್ಕೆ ಸೇರುತ್ತಾರೆ. ಗಂಟೆ ಲೆಕ್ಕದಲ್ಲಿ ವೇತನ ಪಡೆಯುವ ಗುತ್ತಿಗೆ ನೌಕರರು, ಲ್ಯಾಬ್ ಟೆಕ್ನಿಷಿಯನ್ನರು, ಅಂಗಡಿ ಮತ್ತು ಉಗ್ರಾಣಗಳ ಸಿಬ್ಬಂದಿ, ಇಂಟರ್ನ್‌ಶಿಪ್ಪಿನಲ್ಲಿ ವೇತನ ಪಡೆಯುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಇದರ ವ್ಯಾಪ್ತಿಯಲ್ಲಿರುತ್ತಾರೆ. ಕಂಪ್ಯೂಟರ್ ವೃತ್ತಿಯವರನ್ನು ಗಂಟೆ ಲೆಕ್ಕದಲ್ಲಿ ನೇಮಿಸಿಕೊಂಡೂ ವಿನಾಯಿತಿ ವರ್ಗಕ್ಕೆ ಸೇರಿಸಬಹುದು; ಆದರೆ ಅದಕ್ಕೆ ಕೆಲಸದ ಸ್ವರೂಪವೂ ಹೊಂದಬೇಕು, ರಾಜ್ಯವು ಪ್ರತಿವರ್ಷ ನಿಗದಿಪಡಿಸುವ ಕನಿಷ್ಠ ದರವೂ ಸಿಗುತ್ತಿರಬೇಕು. 2025ರಲ್ಲಿ ಆ ದರ ಗಂಟೆಗೆ 56.97 ಡಾಲರ್ ಇತ್ತು. ಹುದ್ದೆಯ ಹೆಸರು ಎಷ್ಟೇ ದೊಡ್ಡದಿರಲಿ, ಆ ವರ್ಷ ಗಂಟೆಗೆ 45 ಡಾಲರ್ ಪಡೆಯುತ್ತಿದ್ದವರಿಗೆ ಈ ವಿನಾಯಿತಿಯನ್ನು ಅನ್ವಯಿಸಲು ಬರುತ್ತಿರಲಿಲ್ಲ.

ಲೆಕ್ಕದ ಮೂಲ ಸೂತ್ರವಿಷ್ಟು: ಮೊದಲು ದಿನದ ಲೆಕ್ಕ, ಆಮೇಲೆ ವಾರದ್ದು. ದಿನದ ಲೆಕ್ಕದಲ್ಲಿ ಒಮ್ಮೆ ಓವರ್‌ಟೈಮ್ ಎಂದು ಪರಿಗಣಿಸಿದ ಗಂಟೆಯನ್ನು ವಾರದ 40ರ ಎಣಿಕೆಗೆ ಮತ್ತೆ ತೆಗೆದುಕೊಳ್ಳುವಂತಿಲ್ಲ. ವಾರದ ಮಿತಿಗೆ ಎಣಿಕೆಯಾಗುವುದು ಸಾಮಾನ್ಯ ದರದಲ್ಲಿ ಉಳಿದ ಗಂಟೆಗಳು ಮಾತ್ರ, ಅಂದರೆ ಪ್ರತಿದಿನದ ಮೊದಲ 8 ಗಂಟೆಗಳು. ಈ ಒಂದು ವಾಕ್ಯವನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಬರಿಯ ಕೂಡು-ಕಳೆ.

ಉದಾಹರಣೆಗೆ, ಸ್ಯಾನ್ ಹೋಸೆಯ ಒಂದು ಲ್ಯಾಬಿನಲ್ಲಿ ಗಂಟೆಗೆ 24 ಡಾಲರಿನಂತೆ ದುಡಿಯುವ ಟೆಕ್ನಿಷಿಯನ್ ಒಬ್ಬರನ್ನು ಊಹಿಸಿಕೊಳ್ಳಿ. ಅವರ ಸಂಸ್ಥೆಯ ವಾರ ಭಾನುವಾರಕ್ಕೆ ಆರಂಭವಾಗುತ್ತದೆ. ಭಾನುವಾರ ರಜೆ, ಸೋಮವಾರ 10 ಗಂಟೆ, ಮಂಗಳವಾರ 8, ಬುಧವಾರ 9, ಗುರುವಾರ 13, ಶುಕ್ರವಾರ 6 ಮತ್ತು ಶನಿವಾರ 5 ಗಂಟೆ ಅವರು ದುಡಿದಿದ್ದಾರೆ. ಒಟ್ಟು 51 ಗಂಟೆ. ವೇತನವಿಲ್ಲದ ಊಟದ ವಿರಾಮವನ್ನು ಇದರಲ್ಲಿ ಸೇರಿಸಿಲ್ಲ.

ದಿನದ ಲೆಕ್ಕ ಮಾಡಿದರೆ ಸೋಮವಾರ 2, ಬುಧವಾರ 1, ಗುರುವಾರ 4, ಹೀಗೆ ಒಟ್ಟು 7 ಗಂಟೆಗಳು ಒಂದೂವರೆ ಪಟ್ಟಿನವು. ಗುರುವಾರದ ಹದಿಮೂರನೆಯ ಗಂಟೆ ಎರಡು ಪಟ್ಟಿನದು. ಈ 8 ಗಂಟೆಗಳನ್ನು ಬದಿಗಿಟ್ಟರೆ ಸಾಮಾನ್ಯ ದರದಲ್ಲಿ ಉಳಿಯುವವು 43. ಈಗ ವಾರದ ಮಿತಿಯನ್ನು ನೋಡಬೇಕು. ಶುಕ್ರವಾರದ ಕೊನೆಗೆ ಸಾಮಾನ್ಯ ಗಂಟೆಗಳು 38 ಆಗಿರುವುದರಿಂದ, ಶನಿವಾರದ ಮೊದಲ 2 ಗಂಟೆಗಳು ಸಾಮಾನ್ಯ ದರದಲ್ಲಿಯೇ ಇರುತ್ತವೆ, ಉಳಿದ 3 ಗಂಟೆಗಳು ವಾರದ ಮಿತಿಯನ್ನು ದಾಟಿ ಒಂದೂವರೆ ಪಟ್ಟಿಗೆ ಸೇರುತ್ತವೆ. ಅಂತಿಮವಾಗಿ 40 ಸಾಮಾನ್ಯ ಗಂಟೆ, 10 ಓವರ್‌ಟೈಮ್, 1 ಡಬಲ್ ಟೈಮ್. ಹಣದ ಲೆಕ್ಕದಲ್ಲಿ ಇವು ಕ್ರಮವಾಗಿ 960, 360 ಮತ್ತು 48 ಡಾಲರ್, ಒಟ್ಟು 1,368.

ಇದೇ ವಾರವನ್ನು ತಪ್ಪಾಗಿ ಲೆಕ್ಕ ಹಾಕುವ ಬಗೆಗಳು ಮೂರು. ದಿನದ ಮಿತಿಯನ್ನಷ್ಟೇ ನೋಡಿ ಶನಿವಾರದ 3 ಗಂಟೆಗಳನ್ನು ಸಾಮಾನ್ಯ ದರದಲ್ಲಿ ಕೊಟ್ಟರೆ ನೌಕರರಿಗೆ 1,332 ಡಾಲರ್ ಬರುತ್ತದೆ, 36 ಡಾಲರ್ ಕಡಿಮೆ. ಬೇರೆ ರಾಜ್ಯದಲ್ಲಿ ಕುಳಿತ ವೇತನ ವಿಭಾಗ ಒಕ್ಕೂಟದ ನಿಯಮವನ್ನೇ ಹಿಡಿದು 51ರಲ್ಲಿ 40 ಕಳೆದು 11 ಗಂಟೆಗೆ ಒಂದೂವರೆ ಪಟ್ಟು ಕೊಟ್ಟರೆ 1,356 ಬರುತ್ತದೆ. ವ್ಯತ್ಯಾಸ ಸಣ್ಣದಾಗಿ ಕಾಣುವುದರಿಂದಲೇ ಈ ತಪ್ಪು ಬಹುಕಾಲ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಮೂರನೆಯದು ನೌಕರರೇ ಮಾಡುವಂಥದ್ದು: ದಿನದ ಹೆಚ್ಚುವರಿ 8, ವಾರದ ಹೆಚ್ಚುವರಿ 11, ಒಟ್ಟು 19 ಗಂಟೆಯ ಓವರ್‌ಟೈಮ್ ಬರಬೇಕೆಂದು ಕೇಳುವುದು. ಇಲ್ಲಿ ಒಂದೇ ಗಂಟೆಗೆ ಎರಡು ಬಾರಿ ಹೆಚ್ಚುವರಿ ಕೇಳಿದಂತಾಗುತ್ತದೆ. ಕಾನೂನು ಅದಕ್ಕೆ ಅವಕಾಶ ಕೊಟ್ಟಿಲ್ಲ. ಸರಿಯಾದ ಲೆಕ್ಕದಲ್ಲಿ ಮೂರು ಬಗೆಯ ಗಂಟೆಗಳ ಮೊತ್ತ ನಿಜವಾಗಿ ದುಡಿದ ಗಂಟೆಗಳಿಗೆ ಸಮನಾಗಿರಲೇಬೇಕು. ಇಲ್ಲಿ 40, 10 ಮತ್ತು 1 ಸೇರಿ 51 ಆಗಿದೆ.

ಸ್ಪ್ರೆಡ್‌ಶೀಟಿನಲ್ಲಿ ಬಿ ಕಾಲಮ್ಮಿನ 2ರಿಂದ 8ನೇ ಸಾಲಿನವರೆಗೆ ಏಳು ದಿನಗಳ ಗಂಟೆಗಳನ್ನು ತುಂಬಿ, ಮೊದಲ ಮೂರು ಸೂತ್ರಗಳನ್ನು ಪ್ರತಿ ಸಾಲಿಗೂ ಎಳೆದುಕೊಂಡರೆ, ಒಂಬತ್ತನೆಯ ಸಾಲಿನಲ್ಲಿ ವಾರದ ಮೊತ್ತ ಸಿಗುತ್ತದೆ.

```
C2: =MIN(B2,8)
D2: =MAX(0,MIN(B2,12)-8)
E2: =MAX(0,B2-12)
C9: =MIN(40,SUM(C2:C8))
D9: =SUM(D2:D8)+MAX(0,SUM(C2:C8)-40)
E9: =SUM(E2:E8)
```

ಈ ಸೂತ್ರಗಳು ಒಂದು ಸಂದರ್ಭದಲ್ಲಿ ಸಾಲುವುದಿಲ್ಲ. ಸಂಸ್ಥೆಯ ನಿಗದಿತ ವಾರದ ಏಳೂ ದಿನ ಕೆಲಸ ಮಾಡಿದ್ದರೆ, ಏಳನೆಯ ದಿನದ ಮೊದಲ 8 ಗಂಟೆಗೆ ಒಂದೂವರೆ ಪಟ್ಟು, ನಂತರದ್ದಕ್ಕೆ ಎರಡು ಪಟ್ಟು ಕೊಡಬೇಕು. ಆರು ದಿನ ತಲಾ 5 ಗಂಟೆ, ಏಳನೆಯ ದಿನ 8 ಗಂಟೆ ದುಡಿದವರ ಮೊತ್ತ 38. ಯಾವ ಮಿತಿಯನ್ನೂ ಅವರು ದಾಟಿಲ್ಲ, ಆದರೂ ಕೊನೆಯ 8 ಗಂಟೆಗಳಿಗೆ ಒಂದೂವರೆ ಪಟ್ಟು ಬರುತ್ತದೆ. ಇಲ್ಲಿ ಏಳು ದಿನ ಎಂದರೆ ಸತತವಾದ ಯಾವುದೋ ಏಳು ದಿನಗಳಲ್ಲ, ಸಂಸ್ಥೆ ನಿಗದಿಪಡಿಸಿದ ಒಂದೇ ವಾರದೊಳಗಿನ ಏಳು ದಿನಗಳು. ಬುಧವಾರದಿಂದ ಮುಂದಿನ ಮಂಗಳವಾರದವರೆಗೆ ಬಿಡುವಿಲ್ಲದೆ ದುಡಿದರೂ, ವಾರ ಭಾನುವಾರಕ್ಕೆ ಆರಂಭವಾಗುವ ಕಡೆ ಆ ಅವಧಿ ಎರಡು ವಾರಗಳಲ್ಲಿ ಹಂಚಿಹೋಗುತ್ತದೆ. ಆದ್ದರಿಂದ ನಿಮ್ಮ ಸಂಸ್ಥೆಯ ವಾರ ಯಾವ ದಿನ, ಯಾವ ಗಂಟೆಗೆ ಆರಂಭವಾಗುತ್ತದೆ ಎಂಬುದನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

ವೇತನವನ್ನು ಎರಡು ವಾರಕ್ಕೊಮ್ಮೆ ಕೊಡುವ ಪದ್ಧತಿಯೂ ಗೊಂದಲ ಹುಟ್ಟಿಸುತ್ತದೆ. ಒಂದು ವಾರ 46, ಮರುವಾರ 34 ಗಂಟೆ ದುಡಿದಿದ್ದೀರಿ, ಒಟ್ಟು 80 ಆಯಿತು, ಓವರ್‌ಟೈಮ್ ಏನೂ ಇಲ್ಲ ಎನ್ನುವುದು ಸರಿಯಲ್ಲ. ಪ್ರತಿವಾರವನ್ನೂ ಪ್ರತ್ಯೇಕವಾಗಿಯೇ ಎಣಿಸಬೇಕು.

ಇದಕ್ಕೆ ವಿರುದ್ಧವಾಗಿ, ಪೇ ಸ್ಟಬ್ಬಿನಲ್ಲಿ ಕಾಣುವ ಎಲ್ಲ ಗಂಟೆಗಳೂ ದುಡಿದ ಗಂಟೆಗಳಲ್ಲ. ಸೋಮವಾರ ವೇತನಸಹಿತ ರಜೆ ಎಂದು 8 ಗಂಟೆ ಬರೆದಿದ್ದು, ಮಂಗಳವಾರದಿಂದ ಶುಕ್ರವಾರದವರೆಗೆ ತಲಾ 9 ಗಂಟೆ, ಶನಿವಾರ 6 ಗಂಟೆ ದುಡಿದಿದ್ದರೆ ಸ್ಟಬ್ಬಿನಲ್ಲಿ 50 ಕಾಣುತ್ತದೆ. ನಿಜವಾಗಿ ದುಡಿದದ್ದು 42. ಅದರಲ್ಲಿ 4 ಗಂಟೆ ದಿನದ ಓವರ್‌ಟೈಮ್. ಸಾಮಾನ್ಯ ಗಂಟೆಗಳು 38ರಲ್ಲೇ ನಿಂತಿರುವುದರಿಂದ ವಾರದ ಮಿತಿಯ ಪ್ರಶ್ನೆಯೇ ಏಳುವುದಿಲ್ಲ. ರಜೆ ಮತ್ತು ಅನಾರೋಗ್ಯ ರಜೆಯ ಗಂಟೆಗಳಿಗೆ ಸಂಬಳ ಬರುತ್ತದೆಯೇ ಹೊರತು ಅವು 40ರ ಎಣಿಕೆಗೆ ಸೇರುವುದಿಲ್ಲ.

ಬೆಂಗಳೂರಿನ ತಂಡದೊಂದಿಗೆ ಕೆಲಸ ಮಾಡುವ ಗಂಟೆ ಲೆಕ್ಕದ ಗುತ್ತಿಗೆ ನೌಕರರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಬೆಂಗಳೂರಿನಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ರಾತ್ರಿಯ 8.30. ಹಗಲು 8 ಗಂಟೆ ಮುಗಿಸಿದವರು ಆ ಹೊತ್ತಿಗೆ ಒಂದು ಗಂಟೆಯ ಕರೆಯಲ್ಲಿ ಕುಳಿತರೆ ಅದು ಅದೇ ದಿನದ ಒಂಬತ್ತನೆಯ ಗಂಟೆ, ಆದ್ದರಿಂದ ಓವರ್‌ಟೈಮ್. ‘ನಾಳೆ ಒಂದು ಗಂಟೆ ಮುಂಚೆ ಹೊರಡಿ’ ಎಂದು ಮ್ಯಾನೇಜರ್ ಹೇಳುವುದು ಸೌಜನ್ಯವೇ ಇರಬಹುದು, ಆದರೆ ಮರುದಿನದ ಬಿಡುವು ಇಂದಿನ ಓವರ್‌ಟೈಮನ್ನು ಅಳಿಸುವುದಿಲ್ಲ. ವಾರದ ಮಿತಿ ಮಾತ್ರ ಇರುವ ರಾಜ್ಯಗಳಿಂದ ಬಂದ ಮ್ಯಾನೇಜರುಗಳಿಗೆ ಇದು ಹೆಚ್ಚಾಗಿ ತಿಳಿದಿರುವುದಿಲ್ಲ. ಇದಕ್ಕೊಂದು ಅಪವಾದವಿದೆ: ಸ್ವಂತ ಕೆಲಸಕ್ಕಾಗಿ ಕಳೆದುಕೊಂಡ ಗಂಟೆಗಳನ್ನು ಅದೇ ವಾರದಲ್ಲಿ ತುಂಬಿಕೊಡುತ್ತೇನೆಂದು ನೌಕರರೇ ಬರೆದು ಕೇಳಿಕೊಂಡು, ಸಂಸ್ಥೆ ಒಪ್ಪಿದರೆ, ದಿನಕ್ಕೆ 11 ಗಂಟೆಯವರೆಗೆ, ವಾರಕ್ಕೆ 40 ದಾಟದಂತೆ, ಆ ಗಂಟೆಗಳನ್ನು ಸಾಮಾನ್ಯ ದರದಲ್ಲಿ ಕೊಡಬಹುದು. ಹಾಗೆ ಬರೆದುಕೊಡಿ ಎಂದು ಸಂಸ್ಥೆಯೇ ಪ್ರೇರೇಪಿಸುವಂತಿಲ್ಲ. ದಿನಕ್ಕೆ 10 ಗಂಟೆಯಂತೆ ನಾಲ್ಕು ದಿನದ ವಾರವನ್ನು ಓವರ್‌ಟೈಮಿಲ್ಲದೆ ನಡೆಸಲೂ ಅವಕಾಶವಿದೆ, ಆದರೆ ಅದಕ್ಕೆ ಆ ವಿಭಾಗದ ನೌಕರರಲ್ಲಿ ಮೂರನೇ ಎರಡರಷ್ಟು ಮಂದಿ ಗುಪ್ತ ಮತದಾನದಲ್ಲಿ ಒಪ್ಪಿರಬೇಕು.

ಕೆನಡಾಕ್ಕೆ ಹೋದವರು ಈ ಕ್ರಮವನ್ನು ಹಾಗೆಯೇ ಕೊಂಡೊಯ್ಯಬಾರದು. ಆಲ್ಬರ್ಟಾ ಪ್ರಾಂತ್ಯದ ಸಾಮಾನ್ಯ ನಿಯಮದಲ್ಲಿ ದಿನಕ್ಕೆ 8 ದಾಟಿದ ಗಂಟೆಗಳನ್ನು ಬೇರೆಯಾಗಿ, ವಾರಕ್ಕೆ 44 ದಾಟಿದ್ದನ್ನು ಬೇರೆಯಾಗಿ ಎಣಿಸಿ, ಎರಡರಲ್ಲಿ ಹೆಚ್ಚಿನದನ್ನು ಆರಿಸಿಕೊಳ್ಳುತ್ತಾರೆ. ಟೆಕ್ನಿಷಿಯನ್ನರ ಮೇಲಿನ 51 ಗಂಟೆಯ ವಾರಕ್ಕೆ ಅಲ್ಲಿ ದಿನದ ಲೆಕ್ಕದಲ್ಲಿ 8, ವಾರದ ಲೆಕ್ಕದಲ್ಲಿ 7 ಬರುವುದರಿಂದ ಓವರ್‌ಟೈಮ್ 8 ಗಂಟೆ.

ಕ್ಯಾಲಿಫೋರ್ನಿಯಾದ ಪೇ ಸ್ಟಬ್ಬಿನಲ್ಲಿ ಪ್ರತಿಯೊಂದು ದರವನ್ನೂ ಆ ದರದಲ್ಲಿ ದುಡಿದ ಗಂಟೆಗಳನ್ನೂ ತೋರಿಸಬೇಕೆಂದು ಕಾನೂನಿದೆ. ಆದರೆ ಅದರಲ್ಲಿ ದಿನವಾರು ವಿವರ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಟೈಮ್‌ಶೀಟಿನ ಪ್ರತಿಯನ್ನು ಪ್ರತಿವಾರ ಉಳಿಸಿಕೊಳ್ಳದೆ ಮೇಲಿನ ಲೆಕ್ಕವನ್ನು ಸರಿನೋಡಲು ಬರುವುದಿಲ್ಲ. ವ್ಯತ್ಯಾಸ ಕಂಡರೆ ಮೊದಲು ವೇತನ ವಿಭಾಗಕ್ಕೆ ದಿನವಾರು ಲೆಕ್ಕದೊಂದಿಗೆ ಬರೆಯಿರಿ. ಮೇಲಿನ ಎರಡನೆಯ ಬಗೆಯ ತಪ್ಪಾದರೆ ಅದು ಹೆಚ್ಚಾಗಿ ಸಾಫ್ಟ್‌ವೇರಿನಲ್ಲಿ ರಾಜ್ಯವನ್ನು ತಪ್ಪಾಗಿ ಆರಿಸಿದ್ದರಿಂದ ಬಂದಿರುತ್ತದೆ, ಒಂದು ಪತ್ರಕ್ಕೆ ಸರಿಹೋಗುತ್ತದೆ. ಸರಿಹೋಗದಿದ್ದರೆ ರಾಜ್ಯದ ಲೇಬರ್ ಕಮಿಷನರ್ ಕಚೇರಿಯಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವಲಸೆ ಸ್ಥಿತಿಯ ಬಗ್ಗೆ ಆ ಕಚೇರಿ ವಿಚಾರಿಸುವುದಿಲ್ಲ. ಓವರ್‌ಟೈಮ್ ಬಾಕಿಯ ದೂರಿಗೆ ಮೂರು ವರ್ಷಗಳ ಗಡುವು ಇದ್ದು, ಪ್ರತಿಯೊಂದು ವೇತನದ ಬಾಕಿಗೂ ಅದು ಕೊಡಬೇಕಾಗಿದ್ದ ದಿನದಿಂದಲೇ ಎಣಿಕೆ ಆರಂಭವಾಗುತ್ತದೆ.